ಕಲಶದ ತುದಿ ಕರಗದಂತೆ ಪ್ರಿಂಟ್ ಮಾಡಿದ್ದು: ನನ್ನ ಅನುಭವ

ಗೃಹಪ್ರವೇಶಕ್ಕೆ ಬಂದವರಿಗೆ ಕೊಡೋಕೆ ಅಂತ 40 ಪುಟ್ಟ ದೇವಸ್ಥಾನ 3ಡಿ ಪ್ರಿಂಟ್ ಮಾಡಿಕೊಡುವ ಆರ್ಡರ್ ಸಿಕ್ಕಿತ್ತು. ಪಿಎಲ್ಎ ಪ್ಲಾಸ್ಟಿಕ್, ಅದನ್ನು ಕರಗಿಸಿ ಸುರಿಸೋಕೆ 0.4 ಮಿ.ಮೀ. ನಾಝಲ್, 0.2 ಮಿ.ಮೀ. ಲೇಯರ್, ಎತ್ತರ ಸುಮಾರು 120 ಮಿ.ಮೀ., ಶಿಖರದ ಮೇಲೊಂದು ಕಲಶ. ಗುಡಿ ಪೂರ್ತಿ ಚೆನ್ನಾಗಿ ಬರುತ್ತಿತ್ತು. ಮೂರೂವರೆ ಗಂಟೆ ಕಾದ ಮೇಲೆ ಕೊನೆಯ 4 ಮಿ.ಮೀ. ಮಾತ್ರ ಉರಿದು ಆರಿದ ಬೆಂಕಿಕಡ್ಡಿಯ ತಲೆ ಥರ ಉಂಡೆಯಾಗುತ್ತಿತ್ತು. ಹೀಗೇ ಹನ್ನೊಂದೋ ಹನ್ನೆರಡೋ ಹಾಳಾದವು. ಪ್ಲಾಸ್ಟಿಕ್ ಹೋದದ್ದು ಐನೂರು ರೂಪಾಯಿಯದ್ದು ಇರಬಹುದು, ಆದರೆ ಮಷಿನ್ ಎರಡು ದಿನ ಸುಮ್ನೆ ಓಡಿತಲ್ಲ, ಅದು ಹೊಟ್ಟೆ ಉರಿಸಿತು. ಗೆಳೆಯರೆಲ್ಲ ಒಂದೇ ಮಾತು: "ಇದು ನಿನ್ನ ಮಷಿನ್ ಕೈಲಿ ಆಗಲ್ಲ, ರೆಸಿನ್ ಪ್ರಿಂಟರ್ ತಗೋ."

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. ಮಾಡೆಲನ್ನು ಲೇಯರ್‌ಗಳಾಗಿ ಕತ್ತರಿಸಿಕೊಡೋ ಸ್ಲೈಸರ್ ಸಾಫ್ಟ್‌ವೇರ್ ಕ್ಯುರಾದಲ್ಲಿ `Minimum Layer Time` 10 ಸೆಕೆಂಡ್ ಇತ್ತು, 20 ಮಾಡಿದೆ. ಏನೂ ಬದಲಾಗಲಿಲ್ಲ. 30 ಮಾಡಿದೆ, ಆಗಲೂ ಅಷ್ಟೇ. ಆಮೇಲೆ ಮೊಬೈಲ್ ಹಿಡಿದು ಕೊನೆಯ ಲೇಯರ್‌ಗಳ ವಿಡಿಯೊ ತೆಗೆದೆ. ಒಂದೊಂದು ಲೇಯರ್ ಒಂದು ಸೆಕೆಂಡ್ ಒಳಗೇ ಮುಗಿಯುತ್ತಿದೆ! ನಾನು ಕೇಳಿದ 30 ಸೆಕೆಂಡ್ ಎಲ್ಲಿ ಹೋಯಿತು?

ಅದನ್ನು ತಿಂದದ್ದು ಪಕ್ಕದಲ್ಲೇ ಇರೋ `Minimum Speed`. ನನ್ನದು ಸೆಕೆಂಡಿಗೆ 10 ಮಿ.ಮೀ. ಇತ್ತು. ಕಲಶದ ತುದಿ 2 ಮಿ.ಮೀ. ದಪ್ಪ, ಎರಡು ಗೋಡೆ, ಅಂದರೆ ಅಂಚಿನ ಎರಡು ಸುತ್ತು, ಸೇರಿಸಿದರೂ ನಾಝಲ್ ಓಡೋದು 8 ಮಿ.ಮೀ. ಮಾತ್ರ. ಸೆಕೆಂಡಿಗೆ 10ರಂತೆ ಓಡಿದರೆ ಮುಕ್ಕಾಲು ಸೆಕೆಂಡ್ ಚಿಲ್ಲರೆ. ಅದಕ್ಕಿಂತ ನಿಧಾನ ಮಾಡೋಕೆ ಸ್ಲೈಸರ್‌ಗೆ ಅಪ್ಪಣೆ ಇಲ್ಲ, ಹಾಗಾಗಿ ಲೇಯರ್ ಟೈಮ್‌ಗೆ ನೀವು ನೂರು ಕೊಟ್ಟರೂ ಅದು ಬರೀ ನಂಬರ್. ಸರಿ, ಸ್ಪೀಡನ್ನೇ 2ಕ್ಕೆ ಇಳಿಸಿದೆ. ಇನ್ನೂ ಕೆಟ್ಟದಾಯಿತು. 200 ಡಿಗ್ರಿಯ ಹಿತ್ತಾಳೆ ನಾಝಲ್ ತುದಿಯ ಮೇಲೇ ಕೂತು ತೆವಳುತ್ತಿದ್ದರೆ ಆರೋದು ಯಾವಾಗ? ಪಿಎಲ್ಎ 60 ಡಿಗ್ರಿಗೇ ಮೆತ್ತಗಾಗುತ್ತೆ. ತುದಿ ಹೊಳೆಯೋಕೆ ಶುರುವಾಯಿತು ಅಂದರೆ ಮುಗೀತು, ಮುಂದಿನ ಸುತ್ತಿಗೆ ನಾಝಲ್ ಹೋದ ಕಡೆಗೆಲ್ಲ ಅದೂ ವಾಲುತ್ತೆ.

ಅಂದರೆ ಬೇಕಾದದ್ದು ನಿಧಾನ ಅಲ್ಲ, ನಾಝಲ್ ಅಲ್ಲಿಂದ ದೂರ ಹೋಗೋದು. `Lift Head` ಹಾಕಿದೆ. ತಲೆ ಎತ್ತಿ ಕಾಯುತ್ತೆ ನಿಜ, ಆದರೆ ಕಾಯುವಾಗ ನಾಝಲ್ ಜೊಲ್ಲು ಸುರಿಸಿ ಕಲಶಕ್ಕೆಲ್ಲ ಮೊಡವೆ. ನಾಲ್ಕು ಗುಡಿ ಒಟ್ಟಿಗೆ ಇಟ್ಟೆ. ಲೆಕ್ಕ ಹಾಕಿ ನೋಡಿ, ನಾಲ್ಕು ತುದಿ ಸೇರಿದರೂ ಮೂರು ಸೆಕೆಂಡ್ ಚಿಲ್ಲರೆ, ಓಡಾಟ ಸೇರಿಸಿದರೆ ನಾಲ್ಕು. ಸ್ವಲ್ಪ ವಾಸಿ ಆಯಿತು, ಸಾಲಲಿಲ್ಲ. ಮೇಲಾಗಿ ಒಂದು ಕಿತ್ತುಕೊಂಡರೆ ನಾಲ್ಕೂ ಹೋಗುತ್ತೆ.

ಕೊನೆಗೆ ಗೆದ್ದದ್ದು ಬಿಟ್ಟಿ ಕಂಬ. ಗುಡಿಯಿಂದ 50 ಮಿ.ಮೀ. ದೂರಕ್ಕೆ 12 ಮಿ.ಮೀ. ಚೌಕದ ಟೊಳ್ಳು ಕಂಬ, ಎರಡೇ ಗೋಡೆ, ಗುಡಿಯಷ್ಟೇ ಎತ್ತರ. ಎರಡೂ ಗೋಡೆ ಸೇರಿ ಅದರ ಒಂದು ಲೇಯರ್ ಸುಮಾರು 90 ಮಿ.ಮೀ. ತುದಿಯ 8 ಸೇರಿದರೆ 98. ಲೇಯರ್ ಟೈಮ್ ವಾಪಸ್ 10ಕ್ಕೆ, ಸ್ಪೀಡ್ ವಾಪಸ್ 10ಕ್ಕೆ ಇಟ್ಟೆ. ಈಗ ಸ್ಲೈಸರ್ ಕೇಳಿದಷ್ಟು ಹೊತ್ತು ಕೊಡುತ್ತೆ. ನಾಝಲ್ ಒಂದು ಸೆಕೆಂಡ್ ಕಲಶದ ಮೇಲಿದ್ದು ಒಂಬತ್ತು ಸೆಕೆಂಡ್ ಕಂಬ ಸುತ್ತುತ್ತೆ, ಅಷ್ಟರಲ್ಲಿ ತುದಿ ಗಟ್ಟಿ. ಮೊದಲು ಹತ್ತಿಪ್ಪತ್ತು ಸೆಕೆಂಡಲ್ಲಿ ಮುಗಿಯುತ್ತಿದ್ದ ಕೊನೆಯ 20 ಲೇಯರ್‌ಗೆ ಈಗ ಮೂರು ನಿಮಿಷ ಚಿಲ್ಲರೆ ಹಿಡಿಯುತ್ತೆ. ಕಂಬಕ್ಕೆ ಹೋಗೋದು 6 ಗ್ರಾಂ, ಅಂದರೆ ಆರು ರೂಪಾಯಿ, ಮತ್ತೆ ಅರ್ಧ ಗಂಟೆ ಜಾಸ್ತಿ. ಬುಡದ ಸುತ್ತ ಪ್ರಿಂಟರ್ ಬೆಡ್‌ಗೆ ಅಂಟಿಕೊಳ್ಳೋ ತೆಳು ಅಂಚು, ಅಂದರೆ ಬ್ರಿಮ್, ಹಾಕಲೇಬೇಕು. ಹಾಕದೆ ಒಮ್ಮೆ 100 ಮಿ.ಮೀ. ಹತ್ತಿರ ಕಂಬ ಉರುಳಿ ಗುಡಿಯನ್ನೂ ಎಳೆದುಕೊಂಡು ಹೋಯಿತು.

ಎರಡೂ ಕಡೆ ಓಡಾಡುವಾಗ ನೂಲು ಎಳೆಯುತ್ತೆ ಅಂತ ಕೇಳುತ್ತೀರಿ. ಹೌದು, ಎಳೆಯುತ್ತಿತ್ತು. ತುದಿಗೆ ಬರುವಾಗ 195 ಡಿಗ್ರಿಗೆ ಇಳಿಸಿದೆ, ಅರ್ಧ ಸಮಸ್ಯೆ ಹೋಯಿತು. ಉಳಿದರ್ಧಕ್ಕೆ ಕಂಬದ ಆಕಾರದಲ್ಲೇ ಒಂದು ಸಣ್ಣ ಚಮತ್ಕಾರ ಇದೆ, ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು ನೋಡಿ.

ನಡುವೆ ಟೇಬಲ್ ಫ್ಯಾನ್ ಕೂಡ ಇಟ್ಟು ನೋಡಿದ್ದೆ. ತುದಿ ಪರವಾಗಿಲ್ಲ ಅನ್ನುವಷ್ಟು ಬಂತು, ಆದರೆ ಗುಡಿಯ ಒಂದು ಮೂಲೆ ಬೆಡ್ ಬಿಟ್ಟು ಎದ್ದಿತ್ತು. ಅದರಿಂದ ಒಂದು ವಿಷಯ ಗೊತ್ತಾಯಿತು: ನನ್ನ ಮಷಿನ್‌ನ ಫ್ಯಾನ್ ಎಡಗಡೆಯಿಂದ ಮಾತ್ರ ಊದೋದು, ಕಲಶ ಕೆಡುತ್ತಿದ್ದದ್ದು ಯಾವಾಗಲೂ ಬಲಗಡೆ. ಈಗ ಗುಡಿಯ ಮುಖ ಎಡಕ್ಕೆ ತಿರುಗಿಸಿಯೇ ಇಡುತ್ತೇನೆ.

ತುದಿಯ ಮೊನೆ 0.8 ಮಿ.ಮೀ.ಗಿಂತ ಸಣ್ಣದಾದರೆ ಕಂಬವೂ ಕೈಬಿಡುತ್ತೆ, ಎರಡು ಗೆರೆ ಕೂರೋಕೆ ಜಾಗವೇ ಇರಲ್ಲ. ನಾನು ಮಾಡೆಲ್‌ನಲ್ಲೇ ಮೊನೆಯನ್ನು 1.2ಕ್ಕೆ ಗುಂಡಗೆ ಮಾಡಿದೆ, ಯಾರೂ ಗಮನಿಸಲಿಲ್ಲ. ಕಂಬ ಬಂದ ಮೇಲೆ 40ರಲ್ಲಿ ಹಾಳಾದದ್ದು ಎರಡು, ಅದರಲ್ಲೊಂದು ಕರೆಂಟ್ ಹೋಗಿ. ರೆಸಿನ್ ತಗೋ ಅಂದ ಗೆಳೆಯ ಮೊನ್ನೆ ಫೋನ್ ಮಾಡಿ ಕಂಬದ ಫೈಲ್ ಕೇಳಿದ. ಚೌಕದ್ದು ಕಳಿಸಿದ್ದೇನೆ.