ದನದ ಹಾಲಿನ ಲೆಕ್ಕಕ್ಕೆ ಸೋಯಾ ಹಾಲನ್ನು ತಂದು ನಿಲ್ಲಿಸಿದ್ದು: ನನ್ನ ಅನುಭವ

ಬಾದಾಮಿ, ಓಟ್ಸ್, ಸೋಯಾ ಮೂರರ ಹಾಲನ್ನೂ ಮನೆಯಲ್ಲೇ ಮಾಡಿ, ಸಾಕಷ್ಟು ದುಡ್ಡು ಸುರಿದು, ಕೊನೆಗೆ ಸೋಯಾದಲ್ಲಿ ನಿಂತೆ. ಈಗ ನಮ್ಮ ಸೋಯಾ ಹಾಲು ಪ್ರೊಟೀನಿನಲ್ಲೂ ಕ್ಯಾಲ್ಸಿಯಂನಲ್ಲೂ ದನದ ಹಾಲಿಗೆ ಹತ್ತಿರ ಹತ್ತಿರ ಇದೆ. ಆಗುವುದಿಲ್ಲ ಅಂದವರು ಬದಿಯಡ್ಕದ ಈ ಕಡೆಯಲ್ಲಿ ಬಹಳ ಜನ ಇದ್ದರು. ಅದಕ್ಕೇ ಬರೆದಿಡುತ್ತಿದ್ದೇನೆ.

ಸಣ್ಣ ಮಗಳಿಗೆ ಹಾಲಿನ ಪ್ರೊಟೀನೇ ಅಲರ್ಜಿ. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಆಗದವರಾದರೆ ಮೊಸರು ಮಜ್ಜಿಗೆಯಲ್ಲಿ ಹೇಗೋ ಸುಧಾರಿಸಬಹುದು. ಇವಳಿಗೆ ಅದೂ ಇಲ್ಲ. ಅತ್ತೆಗೆ ತಡೆಯಲಿಲ್ಲ. "ಹಟ್ಟಿಯಲ್ಲಿ ಗಿಡ್ಡ ದನ ಕಟ್ಟಿಕೊಂಡು ಪೇಟೆಯಿಂದ ಕಾಳು ತಂದು ಹಾಲು ಹಿಂಡುವುದಾ?" ಅಂದರು. ಭಾವ ಲೆಕ್ಕದ ಮೇಷ್ಟ್ರು. ಅವರದ್ದು ಒಂದೇ ಮಾತು: "ಬಿಳಿ ಇದ್ದದ್ದೆಲ್ಲ ಹಾಲಲ್ಲ, ಅಂಕಿ ತೋರಿಸು."

ಸರಿ, ಅಂಕಿಯಿಂದಲೇ ಶುರು ಮಾಡಿದೆ. 200 ಮಿಲಿಯ ಒಂದು ಲೋಟ ದನದ ಹಾಲಿನಲ್ಲಿ ಸುಮಾರು 6.5 ಗ್ರಾಂ ಪ್ರೊಟೀನ್, 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಇದೇ ನನ್ನ ಗುರಿ.

ಮೊದಲು ಹಿಡಿದದ್ದು ಬಾದಾಮಿ, ಹೆಸರಿಗೆ ಮರುಳಾಗಿ. ಅಂಗಡಿಯ ಡಬ್ಬ ತಿರುಗಿಸಿ ಓದಿದರೆ ಹೆಚ್ಚಿನವುಗಳಲ್ಲಿ ಬಾದಾಮಿ ನೂರಕ್ಕೆ ಎರಡು ಮೂರು ಭಾಗ ಅಷ್ಟೇ. ಅಂದರೆ ಲೋಟಕ್ಕೆ ನಾಲ್ಕೈದು ಬಾದಾಮಿ! ಪ್ರೊಟೀನ್ ಒಂದು ಗ್ರಾಂ ಆಸುಪಾಸು. ಮನೆಯಲ್ಲಿ ದನದ ಹಾಲಿನ ಸಮಕ್ಕೆ ತರಬೇಕಾದರೆ ಲೋಟಕ್ಕೆ 30 ಗ್ರಾಂ ಬೀಳಬೇಕು, ಲೀಟರಿಗೆ 150 ಗ್ರಾಂ. ನಾನು ತಂದಾಗ ಕಿಲೋಗೆ 850ರ ಹತ್ತಿರ ಇತ್ತು. ಬರೀ ಬಾದಾಮಿಗೇ ಲೀಟರಿಗೆ ನೂರಿಪ್ಪತ್ತೈದು ರೂಪಾಯಿ ದಾಟಿತು. ಮೇಲಿಂದ ಸೋಸಿದಾಗ ಒಂದು ಪಾಲು ಚರಟದಲ್ಲೇ ಉಳಿಯುತ್ತದೆ. ಬಾದಾಮಿಯ ಪ್ರೊಟೀನಿನಲ್ಲಿ ದೇಹಕ್ಕೆ ಬೇಕೇ ಬೇಕಾದ ಲೈಸಿನ್ ಅನ್ನುವ ಅಂಶ ಕಡಿಮೆ, ಹಾಗಾಗಿ ಗ್ರಾಂ ಸಮ ಆದರೂ ಗುಣ ಸಮ ಅಲ್ಲ. ಸೋಯಾಕ್ಕೆ ಆ ಕೊರತೆ ಇಲ್ಲ.

ಓಟ್ಸ್ ಅಗ್ಗ, ಆದರೆ ಲೋಳೆ. ಲೀಟರಿಗೆ 100 ಗ್ರಾಂ ಹಾಕಿದರೂ ಓಟ್ಸಿನಲ್ಲಿರುವುದೇ 13 ಗ್ರಾಂ ಪ್ರೊಟೀನ್. ಸೋಸಿದ ಮೇಲೆ ಲೋಟಕ್ಕೆ ಎರಡು ಗ್ರಾಂ ಸಿಕ್ಕಿದರೆ ಪುಣ್ಯ. ಕ್ಯಾಲ್ಸಿಯಂ ಹತ್ತು ಮಿಲಿಗ್ರಾಮೂ ಇಲ್ಲ. ಇದರಲ್ಲಿ ಒಂದು ಮಜಾ ಪ್ರಯೋಗ ಮಾತ್ರ ಆಯಿತು. ಬೇಯಿಸಿದ ಓಟ್ಸ್ ಗಂಜಿ ಬೆರಳು ಸುಡುವಷ್ಟು ಬಿಸಿ ಇರುವಾಗ ಒಂದು ಚಮಚ ಮೊಳಕೆ ರಾಗಿಯ ಹಿಟ್ಟು ಬೆರೆಸಿದೆ. ಸ್ವಲ್ಪ ಹೊತ್ತಿನಲ್ಲಿ ದಪ್ಪ ಗಂಜಿ ನೀರಾಗಿ ಹರಿಯಿತು, ಸಕ್ಕರೆ ಹಾಕದೆಯೇ ಸಿಹಿ ಬಂತು. ಮೊಳಕೆಯ ಅಮೈಲೇಸ್ ಪಿಷ್ಟವನ್ನು ಒಡೆಯುತ್ತದೆ. ಓಟ್ಸ್ ಹಾಲಿನ ಕಂಪೆನಿಗಳು ಮಾಡುವುದೂ ಇದೇ ಉಪಾಯ. ಮಗಳು ಗಟಗಟ ಕುಡಿದಳು. ಆದರೆ ಪ್ರೊಟೀನ್ ಏನೂ ಏರಲಿಲ್ಲ, ಅಲ್ವಾ?

ಸೋಯಾದ ವಾಸನೆ ಓಡಿಸುವ ಕ್ರಮ ನಿಮಗೆಲ್ಲ ಗೊತ್ತೇ ಇದೆ. ನೆನೆಸಿದ ಕಾಳನ್ನು ಅಡುಗೆ ಸೋಡಾ ಹಾಕಿದ ಕುದಿನೀರಿಗೆ ಇಳಿಸಿ, ಸಿಪ್ಪೆ ತೆಗೆದು, ಬಿಸಿನೀರಿನಲ್ಲೇ ಅರೆಯುವುದು. ತಣ್ಣೀರಲ್ಲಿ ಅರೆದರೆ ಹಸಿ ಕಾಳಿನ ನಾತ ಹೋಗುವುದೇ ಇಲ್ಲ. ನಾನು ಇನ್ನೂ ಒಂದು ವಸ್ತು ಹಾಕುತ್ತೇನೆ, ಅದು ಇಲ್ಲಿ ಬೇಡ. ಈ ಹಾಲು ಕೊಳ್ಳುವ ನಾಲ್ಕು ಮನೆಗಳಿವೆ ನನಗೆ. ಅವರಿಗೆ ಕೊಡುವುದು ಸಾದಾ ಹಾಲು. ಕ್ಯಾಲ್ಸಿಯಂ ಬೆರೆಸುವುದು ಮನೆಗೆ ಮಾತ್ರ.

ನೀರಿನ ಅಳತೆಯಲ್ಲೇ ಎಲ್ಲಾ ಇರುವುದು. 100 ಗ್ರಾಂ ಒಣ ಕಾಳಿಗೆ ಎಲ್ಲಾ ಸೇರಿ ಒಂದು ಲೀಟರ್ ನೀರು. ಕುದಿದು, ಹಿಂಡಿದ ಮೇಲೆ 850 ಮಿಲಿ ಸಿಗುತ್ತದೆ. ಕಾಳಿನಲ್ಲಿ ಪ್ರೊಟೀನ್ ಸುಮಾರು 36 ಗ್ರಾಂ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಹಾಲಿಗೆ ಇಳಿಯುತ್ತದೆ ಅಂತ ಹಿಡಿದರೆ ಲೋಟಕ್ಕೆ 6 ಗ್ರಾಂ ದಾಟುತ್ತದೆ. ಜಾಸ್ತಿ ಆಗಲಿ ಅಂತ ಒಂದೂವರೆ ಲೀಟರ್ ನೀರು ಹಾಕಿದರೆ ನಾಲ್ಕು ಗ್ರಾಂಗೆ ಬೀಳುತ್ತದೆ. ನೋಡಲು ಎರಡೂ ಬಿಳಿಯೇ. ಗುರುತು ಹಿಡಿಯುವುದು ಹೀಗೆ: ಸಣ್ಣ ಉರಿಯಲ್ಲಿ ಅಲುಗಿಸದೆ ಬಿಡಿ. ಗಟ್ಟಿ ಹಾಲಾದರೆ ಮೇಲೆ ಹಳದಿ ಮಿಶ್ರಿತ ಪೊರೆ ಕಟ್ಟುತ್ತದೆ, ಕಡ್ಡಿಯಿಂದ ಎತ್ತಿದರೆ ಇಡೀ ಹಾಳೆ ಬರುತ್ತದೆ. ನೀರು ಹಾಲಿನ ಪೊರೆ ಎತ್ತುವಾಗಲೇ ಹರಿಯುತ್ತದೆ. ಇನ್ನೊಂದು ಮಾತು, ಕುದಿಯುವ ಮೊದಲೇ ನೊರೆ ಉಕ್ಕಿ ಮೇಲೆ ಬರುತ್ತದೆ. ಅದು ಕುದಿ ಅಲ್ಲ. ನೊರೆ ಇಳಿದ ಮೇಲೆ ಕಾಲು ಗಂಟೆಯಾದರೂ ಕುದಿಸಬೇಕು. ಇಲ್ಲದಿದ್ದರೆ ಪ್ರೊಟೀನ್ ಜೀರ್ಣವಾಗಲು ಬಿಡದ ಅಂಶ ಹಾಗೇ ಉಳಿಯುತ್ತದೆ.

ಪ್ರೊಟೀನ್ ಗೆದ್ದೆ, ಕ್ಯಾಲ್ಸಿಯಂ ಕಾಡಿತು. ಅಷ್ಟು ಕಾಳಿನಿಂದ ಲೋಟಕ್ಕೆ ಬರುವುದು 30, 40 ಮಿಲಿಗ್ರಾಂ. ಇನ್ನೂ 200 ಬೇಕು. ಡಬ್ಬದ ಹಾಲುಗಳಲ್ಲಿ ಕ್ಯಾಲ್ಸಿಯಂ ಇರುವುದೂ ಹೊರಗಿನಿಂದ ಹಾಕಿದ್ದರಿಂದಲೇ. ಲೇಬಲ್ಲಿನಲ್ಲಿ ಅದು ಇಲ್ಲ ಅಂದರೆ ಆ ಡಬ್ಬದಲ್ಲಿ ಹೇಳಿಕೊಳ್ಳುವಷ್ಟು ಕ್ಯಾಲ್ಸಿಯಂ ಇಲ್ಲ.

ಮೊದಲು ಕರಗುವಂಥದ್ದೇ ಒಳ್ಳೆಯದು ಅಂತ ಕ್ಯಾಲ್ಸಿಯಂ ಲ್ಯಾಕ್ಟೇಟ್ ತರಿಸಿದೆ. ಬಿಸಿ ಹಾಲಿಗೆ ಬಿದ್ದದ್ದೇ ತಡ, ಪಾತ್ರೆ ತುಂಬಾ ಒಡೆದ ಗಡ್ಡೆ. ಕರಗಿದ ಕ್ಯಾಲ್ಸಿಯಂ ಸೋಯಾ ಪ್ರೊಟೀನನ್ನು ಹಿಡಿದು ಗಟ್ಟಿ ಮಾಡುತ್ತದೆ. ತೋಫು ಮಾಡುವುದೇ ಹಾಗಲ್ಲವಾ? ಒಂದು ಡಬ್ಬಿ ಲ್ಯಾಕ್ಟೇಟ್ ಮುಗಿಯುವವರೆಗೆ ಮನೆಯಲ್ಲಿ ತೋಫು ಪಲ್ಯವೇ ಪಲ್ಯ. ಎಳ್ಳೂ ನೋಡಿದೆ. ಸಿಪ್ಪೆ ಸಹಿತದ ಎಳ್ಳಿನಲ್ಲಿ 100 ಗ್ರಾಂಗೆ ಸಾವಿರ ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ ನಿಜ, ಆದರೆ ಸಿಪ್ಪೆಯಲ್ಲಿದ್ದದ್ದು ಬಹುಪಾಲು ಆಕ್ಸಲೇಟ್ ಜೊತೆ ಕಟ್ಟಿಕೊಂಡಿರುತ್ತದೆ, ಹೊಟ್ಟೆಗೆ ದಕ್ಕುವುದಿಲ್ಲ. ಕಹಿ ಬೇರೆ. ಎಲೆಗೆ ಹಚ್ಚುವ ಸುಣ್ಣ ಹಾಕು ಅಂದವರೂ ಇದ್ದಾರೆ. ಅದು ಬಾಯಿ, ಗಂಟಲು ಸುಡುವ ಕ್ಷಾರ, ಮಗುವಿನ ಲೋಟಕ್ಕೆ ಬೇಡವೇ ಬೇಡ.

ಕೊನೆಗೆ ಕೈಹಿಡಿದದ್ದು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ, ತಿನ್ನಲು ಬಳಸುವ ದರ್ಜೆಯದ್ದು. ಇದು ನೀರಿನಲ್ಲಿ ಕರಗದು, ಹಾಗಾಗಿ ಹಾಲು ಒಡೆಯದು. ಇದರ ತೂಕದ ನೂರಕ್ಕೆ 40 ಭಾಗ ಕ್ಯಾಲ್ಸಿಯಂ, ಒಂದು ಗ್ರಾಂಗೆ 400 ಮಿಲಿಗ್ರಾಂ. ನನ್ನ 850 ಮಿಲಿಯಲ್ಲಿ ನಾಲ್ಕು ಲೋಟ. ಲೋಟಕ್ಕೆ 200ರಂತೆ ಒಟ್ಟು 800, ಅಂದರೆ ಪುಡಿ ಎರಡೇ ಗ್ರಾಂ. ಅಡುಗೆಮನೆಯ ತಕ್ಕಡಿಗೆ ಎರಡು ಗ್ರಾಂ ಗೊತ್ತೇ ಆಗುವುದಿಲ್ಲ. ಚಿನ್ನ ತೂಗುವಂಥ ಸಣ್ಣ ತಕ್ಕಡಿ ತರಿಸಿದೆ, ನಾನೂರೋ ಐನೂರೋ ಆಯಿತು. ಎಷ್ಟು ಕೊಡಬಹುದು ಅಂತ ಮಗಳ ಡಾಕ್ಟರನ್ನು ಕೇಳಿಯೇ ಶುರು ಮಾಡಿದ್ದು.

ಕರಗದ ಪುಡಿ ತಳ ಸೇರುತ್ತದೆ. ಬೆಳಿಗ್ಗೆ ಬಾಟಲಿಯ ಅಡಿ ನೋಡಿದರೆ ಬಿಳಿ ಕೆಸರಿನ ಪದರ. ಮೊದಲ ಲೋಟದವರಿಗೆ ಬರೀ ಸೋಯಾ, ಕೊನೆಯವರಿಗೆ ಸೀಮೆಸುಣ್ಣ. ಅಂಗಡಿಯ ಡಬ್ಬವನ್ನೂ ಚೆನ್ನಾಗಿ ಕುಲುಕಿ ಸುರಿಯಬೇಕಾದ್ದು ಇದಕ್ಕೇ. ತೇಲಿಸಿಡಲು ಹಾಲನ್ನು ತುಸು ದಪ್ಪ ಮಾಡಬೇಕು. ನಾನು ಯಾವುದರಿಂದ ದಪ್ಪ ಮಾಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಓಟ್ಸಿನ ಲೋಳೆ ಸುಮ್ನೆ ಹೋಗಲಿಲ್ಲ ಅಂತ ಮಾತ್ರ ಹೇಳುತ್ತೇನೆ.

ಖರ್ಚು? ಕಾಳು ಕಿಲೋಗೆ ನೂರು ಅಂತಲೇ ಹಿಡಿದರೂ 850 ಮಿಲಿಗೆ ಹತ್ತು ರೂಪಾಯಿ. ಗ್ಯಾಸ್, ಪುಡಿ ಸೇರಿ ಇಪ್ಪತ್ತರೊಳಗೆ. ಚರಟ ದೋಸೆ ಹಿಟ್ಟಿಗೆ ಹೋಗುತ್ತದೆ, ಮಿಕ್ಕದ್ದು ದನಕ್ಕೆ. ಭಾವ ಲೆಕ್ಕದಲ್ಲಿ ತಪ್ಪು ಹುಡುಕಿ ಹುಡುಕಿ ಸುಮ್ಮನಾದರು. ಅತ್ತೆ ಮಾತ್ರ ಕಾಫಿಗೆ ಹಾಕಿ ನೋಡಿ, ಒಡೆದದ್ದನ್ನು ಎಲ್ಲರಿಗೂ ತೋರಿಸಿದರು. ಕಾಫಿಯ ಹುಳಿಗೂ ಬಿಸಿಗೂ ಸೋಯಾ ಒಡೆಯುತ್ತದೆ. ಡಿಕಾಕ್ಷನ್ ತುಸು ಆರಿಸಿ, ಬಿಸಿ ಹಾಲಿಗೆ ಅದನ್ನು ಸ್ವಲ್ಪ ಸ್ವಲ್ಪವೇ ಸುರಿದರೆ ಹೆಚ್ಚಾಗಿ ನಿಲ್ಲುತ್ತದೆ. ಚಹಾಕ್ಕೆ ಈ ತಕರಾರು ಕಡಿಮೆ.

ಹಾಲಿನ B12 ಇದರಲ್ಲಿ ಇಲ್ಲ. ಮಗಳಿಗೆ ಅದನ್ನು ಡಾಕ್ಟರ್ ಬೇರೆಯೇ ಬರೆದುಕೊಟ್ಟಿದ್ದಾರೆ. ಹಾಲು ಆಗದ ಕೆಲವು ಮಕ್ಕಳಿಗೆ ಸೋಯಾವೂ ಆಗುವುದಿಲ್ಲ, ಆ ಪರೀಕ್ಷೆ ಮೊದಲೇ ಆಗಬೇಕು. ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲು ಅಥವಾ ಫಾರ್ಮುಲಾದ ಬದಲಿಗೆ ಈ ಮೂರರಲ್ಲಿ ಯಾವುದನ್ನೂ ಕೊಡಬೇಡಿ.