ಬೆಲ್ಲದ ಫೋಟೊಗೆ ನಾಲ್ಕು ಸಾಲು: ನನ್ನ ಅನುಭವ

ಮಂಡ್ಯದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಮದುವೆ ಸೀಸನ್ ಇಲ್ಲದಾಗ ಅಂಗಡಿಗಳ ಇನ್‌ಸ್ಟಾಗ್ರಾಂ ಪೇಜ್ ನೋಡಿಕೊಳ್ಳುತ್ತೇನೆ. ಫೋಟೊ ನನ್ನದು, ಕ್ಯಾಪ್ಷನ್ ನನ್ನ ನಾದಿನಿದು. ಅವಳು ಮೈಸೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಳೆ. ಒಂದು ಫೋಟೊಗೆ ಐದು ಕ್ಯಾಪ್ಷನ್ ಬರೆದು ಕಳಿಸಬೇಕು, ನಾನು 40 ರೂಪಾಯಿ ಕೊಡಬೇಕು ಅಂತ ಶುರುವಾದದ್ದು. ಅದರಲ್ಲೊಂದನ್ನು ಪಾರ್ಟಿ ಆರಿಸಿಕೊಳ್ಳುತ್ತಾರೆ.

ಮೊದಲ ಮೂರ್ನಾಲ್ಕು ತಿಂಗಳು ಸುಮ್ನೆ ಫೋಟೊ ಕಳಿಸಿ "ಇದಕ್ಕೊಂದು ಐದು ಬರಿಯಮ್ಮ" ಅಂತಿದ್ದೆ. "ಮಣ್ಣಿನ ಘಮ, ಮನಸಿನ ನೆಮ್ಮದಿ" ಥರದ್ದು ಬರುತ್ತಿತ್ತು. ಓದೋಕೇನೋ ಚೆನ್ನಾಗಿತ್ತು. ಆದರೆ ಒಬ್ಬ ಗಿರಾಕಿ ಮುಖಕ್ಕೆ ಹೊಡೆದ ಹಾಗೆ ಹೇಳಿದರು: "ಇದನ್ನ ಸೀರೆ ಅಂಗಡಿಗೂ ಹಾಕಬಹುದಲ್ಲ ಸಾರ್." ಅವತ್ತಿನಿಂದ ನನಗೆ ಅದೇ ಪರೀಕ್ಷೆ. ಬಂದ ಕ್ಯಾಪ್ಷನ್ ಅನ್ನು ಬೇರೆ ಗಿರಾಕಿಯ ಫೋಟೊ ಕೆಳಗಿಟ್ಟು ನೋಡುತ್ತೇನೆ. ಅಲ್ಲೂ ಕೂತರೆ ಅದು ಕಸ.

ನಿಜವಾದ ಪೆಟ್ಟು ಬಿದ್ದದ್ದು ಆಲೆಮನೆಯವರ ಹತ್ತಿರ. ಪಾಂಡವಪುರದ ಕಡೆಯ ಒಬ್ಬರು ಬೆಲ್ಲ ಮಾಡಿ ನೇರ ಬೆಂಗಳೂರಿಗೆ ಕಳಿಸುತ್ತಾರೆ. ಬೆಳಗಿನ ಜಾವ ಹೋಗಿ ಒಂದು ಫೋಟೊ ತೆಗೆದಿದ್ದೆ. ಹಿಂದೆ ಕೊಪ್ಪರಿಗೆ, ಹಬೆ. ಮುಂದೆ ಅವರ ತಂದೆ, ಎರಡು ಬೆರಳು ನೀರಿನ ಚೊಂಬಿನೊಳಗೆ. ಅದರ ಜೊತೆ "ಮೂಡ್: ಸೂಪರ್. ಯಾರಿಗೆ: ಎಲ್ಲರಿಗೂ" ಅಂತ ಬರೆದು ಕಳಿಸಿದೆ. ಹುಡುಗಿ ಏನು ಮಾಡಿಯಾಳು? ದುಡಿದು ದಣಿದ ಮುದುಕ ಕೈ ತೊಳೀತಿದ್ದಾನೆ ಅಂದುಕೊಂಡು "ಬೆವರಲ್ಲೇ ಬೆಂದ ಬದುಕು" ಅಂತ ಬರೆದಳು. ನಾನೂ ಅವಸರದಲ್ಲಿ ಹಾಕಿಬಿಟ್ಟೆ. ಮಧ್ಯಾಹ್ನ ಫೋನ್ ಬಂತು. "ನಮ್ಮಪ್ಪ ಗದ್ದೆ ಯಜಮಾನ ಸ್ವಾಮಿ, ಕೂಲಿ ಗತಿಯಿಲ್ಲದವರ ಥರ ಬರೆದಿದ್ದೀರಲ್ಲ!" ಆ ತಿಂಗಳ ಆರು ಸಾವಿರ ಹೋಯಿತು. ಮುಂದಿನ ಎರಡು ತಿಂಗಳು ಅರ್ಧ ದರಕ್ಕೆ ಮಾಡಿಕೊಡುತ್ತೇನೆ ಅಂತ ಕಾಲು ಹಿಡಿದದ್ದಕ್ಕೆ ಕೆಲಸ ಉಳಿಯಿತು.

ಅಲ್ಲಿಂದ ಪ್ರತಿ ಫೋಟೊ ಜೊತೆ ನಾಲ್ಕು ಸಾಲು ಬರೆಯೋಕೆ ಶುರು ಮಾಡಿದೆ. ಮೈಸೂರಿನ ಸ್ಟುಡಿಯೊ ಗೆಳೆಯರೊಬ್ಬರು ನಕ್ಕರು. "ಫೋಟೊನೇ ಮಾತಾಡಬೇಕು, ನೀನ್ಯಾಕೆ ಪುರಾಣ ಬರೀತೀಯ? ಅಷ್ಟು ಹೊತ್ತಲ್ಲಿ ಕ್ಯಾಪ್ಷನ್ನೇ ಬರೆದು ಮುಗಿಸಬಹುದು." ಈಗ ಅವರೇ ನನ್ನ ಸಾಲುಗಳನ್ನು ಕೇಳಿ ತರಿಸಿಕೊಳ್ಳುತ್ತಾರೆ, ಇರಲಿ.

ಅದೇ ಆಲೆಮನೆ ಫೋಟೊಗೆ ಎರಡನೇ ಸಲ ಬರೆದದ್ದು ಹೀಗಿತ್ತು:

ಏನು: ಅಪ್ಪ ಪಾಕವನ್ನ ನೀರಿಗೆ ಬಿಟ್ಟು ಹದ ನೋಡ್ತಿದ್ದಾರೆ. ಕೈ ತೊಳೀತಿಲ್ಲ.
ಭಾವ: ಬೆಳಗಿನ ಜಾವ. ಎಲ್ಲರೂ ಕೆಲಸ ನಿಲ್ಲಿಸಿ ಅವರ ಬೆರಳನ್ನೇ ನೋಡ್ತಿದ್ದಾರೆ. ಪಾಪ ಅನ್ನಿಸಬಾರದು, ಇವರು ಹೇಳಿದ ಮೇಲೇ ಇಳಿಸೋದು ಅನ್ನೋ ಗತ್ತು ಬೇಕು.
ಯಾರಿಗೆ: ಬೆಂಗಳೂರಲ್ಲಿರೋ ಮಂಡ್ಯದವರು. ಆಲೆಮನೆ ಅಂದ್ರೇನು ಅಂತ ಹೇಳಿಕೊಡೋದು ಬೇಡ, ಚಿಕ್ಕಂದಿನಲ್ಲಿ ಬಿಸಿ ಬೆಲ್ಲ ತಿಂದವರು.
ಮಿತಿ: ಎರಡು ಚಿಕ್ಕ ವಾಕ್ಯ. ಸಾವಯವ ಅನ್ನಬೇಡ. ಕಾಯಿಲೆ, ಆರೋಗ್ಯದ ಮಾತು ಬೇಡ.

ಇದನ್ನು ನೋಡಿದವಳೇ ಫೋನ್ ಮಾಡಿದಳು. "ಭಾವ, ಇಲ್ಲಿ ಭಾವ ಅಂತ ಬರೆದಿದ್ದೀರಲ್ಲ, ನಿಮ್ಮ ಗತ್ತಿನ ಬಗ್ಗೆನಾ?" ಅವಳ ಅಕ್ಕ ಹಿಂದೆ ನಿಂತು ನಕ್ಕಿದ್ದು ಇನ್ನೂ ನಿಂತಿಲ್ಲ.

ಆದರೆ ಬಂದ ಐದರಲ್ಲಿ ಮೂರು ನೇರ ಹಾಕುವ ಹಾಗಿದ್ದವು. ಗಿರಾಕಿ ಆರಿಸಿದ್ದು ಇದು: "ನಾವು ಗಡಿಯಾರ ನೋಡಿ ಇಳಿಸಲ್ಲ. ಅಪ್ಪನ ಬೆರಳಲ್ಲಿ ಉಂಡೆ ಕಟ್ಟಬೇಕು." ಸೀರೆ ಅಂಗಡಿಗೆ ಹಾಕಿ ನೋಡೋಣ ಇದನ್ನ!

ಭಾವದ ಸಾಲು ಕಲಿಯೋಕೆ ನನಗೆ ಜಾಸ್ತಿ ದಿನ ಹಿಡಿಯಿತು. ಸುಂದರ, ಅದ್ಭುತ, ಹಳ್ಳಿ ಸೊಗಡು ಅಂತ ಬರೆದರೆ ಅದೇ ಪದಗಳು ಕ್ಯಾಪ್ಷನ್ನಿನಲ್ಲಿ ವಾಪಸ್ ಬರುತ್ತವೆ. ಹೊತ್ತು ಎಷ್ಟು, ಸದ್ದು ಏನಿತ್ತು, ಅಲ್ಲಿದ್ದವರು ಏನು ಮಾಡುತ್ತಿದ್ದರು ಅಂತ ಬರೆದರೆ ಬರೆಯುವವರಿಗೆ ಹಿಡಿತ ಸಿಗುತ್ತದೆ. ಫೋಟೊ ತೆಗೆದ ನನಗೆ ಅದೆಲ್ಲ ನೆನಪಿರುತ್ತದೆ, ಮೈಸೂರಲ್ಲಿ ಕೂತವಳಿಗೆ ಹಬೆ ಒಂದೇ ಕಾಣುವುದು. ಇನ್ನೊಂದು, ಯಾವ ಭಾವ ಬೇಡ ಅನ್ನುವುದನ್ನೂ ಬರೆಯಲೇಬೇಕು. ನನ್ನ ಆರು ಸಾವಿರ ಹೋದದ್ದು ಅದಿಲ್ಲದೆ.

ಯಾರಿಗೆ ಅನ್ನುವಲ್ಲಿ ವಯಸ್ಸು, ಊರು ಬರೆದರೆ ಸಾಲದು. ಅವರಿಗೆ ಆಗಲೇ ಏನು ಗೊತ್ತು ಅನ್ನುವುದು ಮುಖ್ಯ. ಇದೇ ಫೋಟೊವನ್ನು ಒಮ್ಮೆ "ಬೆಂಗಳೂರಿನ ಅಪಾರ್ಟ್‌ಮೆಂಟ್‌ನವರು, ಆಲೆಮನೆ ಕಂಡಿಲ್ಲ" ಅಂತ ಬದಲಿಸಿ ಕಳಿಸಿದೆ. ಬಂದದ್ದು: "ಕಬ್ಬಿನ ಹಾಲು ಬೆಲ್ಲ ಆಗೋದು ಯಾವಾಗ? ತಣ್ಣೀರಲ್ಲಿ ಬಿಟ್ಟ ಪಾಕ ಉಂಡೆ ಕಟ್ಟಿದಾಗ." ಫೋಟೊ ಅದೇ, ಕ್ಯಾಪ್ಷನ್ ಪೂರ್ತಿ ಬೇರೆ. ಮಂಡ್ಯದವರಿಗೆ ಇದನ್ನ ಹಾಕಿದ್ದರೆ "ನಮಗೇ ಪಾಠನಾ" ಅಂತಿದ್ದರು.

ಮಿತಿಯಲ್ಲಿ ನಾನು ಮಾಡಿದ ದಡ್ಡತನ ಎರಡು. ಒಂದು, "60 ಅಕ್ಷರದೊಳಗೆ" ಅಂತ ಬರೆದದ್ದು. ಇನ್‌ಸ್ಟಾಗ್ರಾಂ 2,200 ಅಕ್ಷರ ಬಿಡುತ್ತದೆ, ಆದರೆ ಕಣ್ಣಿಗೆ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ, ಅದಕ್ಕೆ ಚಿಕ್ಕದು ಬೇಕಿತ್ತು. ಕನ್ನಡದಲ್ಲಿ ಲೆಕ್ಕ ಕೈ ಕೊಡುತ್ತದೆ. "ಕಬ್ಬು" ನಮಗೆ ಎರಡು ಅಕ್ಷರ. ಕಂಪ್ಯೂಟರ್‌ಗೆ ಐದು: ಕ, ಬ, ಅರ್ಧ ಮಾಡುವ ಚಿಹ್ನೆ, ಇನ್ನೊಂದು ಬ, ಕೊಂಬು. ಅವಳು ಒಂದು ಲೆಕ್ಕ ಹಾಕುತ್ತಾಳೆ, ನನ್ನ ಆ್ಯಪ್ ಇನ್ನೊಂದು ತೋರಿಸುತ್ತದೆ, ಇಬ್ಬರಿಗೂ ಜಗಳ. ಈಗ ವಾಕ್ಯದ ಲೆಕ್ಕ ಅಷ್ಟೇ. ಎರಡನೆಯದು, ಆ ಫೋನಿನ ಪೆಟ್ಟಿನ ಹೆದರಿಕೆಗೆ ಒಮ್ಮೆ ಹದಿಮೂರೋ ಹದಿನಾಲ್ಕೋ ಬೇಡಗಳನ್ನು ಪಟ್ಟಿ ಮಾಡಿದ್ದೆ. ಬಂದ ಐದೂ ಪಂಚಾಯ್ತಿ ನೋಟಿಸ್ ಥರ ಇದ್ದವು. ಮೂರು ಬೇಡ ಸಾಕು. ಅದರಲ್ಲೂ ಸಾವಯವ ಮತ್ತು ಕಾಯಿಲೆಯ ಮಾತು ಬೆಲ್ಲಕ್ಕೆ ಯಾವಾಗಲೂ ಇರುತ್ತದೆ. ಸಾಮಾನ್ಯವಾಗಿ ಸರ್ಟಿಫಿಕೇಟ್ ಇಲ್ಲದೆ ಸಾವಯವ ಅಂತ ಮಾರುವ ಹಾಗಿಲ್ಲ, ತಿನ್ನುವ ಪದಾರ್ಥ ಕಾಯಿಲೆ ವಾಸಿ ಮಾಡುತ್ತದೆ ಅನ್ನುವ ಹಾಗೂ ಇಲ್ಲ. ಗಿರಾಕಿಗಳು ಬರೀರಿ ಅಂತ ಒತ್ತಾಯ ಮಾಡುತ್ತಾರೆ, ನಾನು ಬರೆಸಲ್ಲ.

ನಡುವೆ ಒಂದು ಆಟ ಆಡಿದೆ. ಫೋಟೊ ಕೊಡದೆ ಬರೀ ನಾಲ್ಕು ಸಾಲು ಕಳಿಸಿದೆ. ಐದರಲ್ಲಿ ಎರಡು ಕೂತವು! ಬರೀ ಫೋಟೊ ಕಳಿಸುತ್ತಿದ್ದಾಗ ಕೂರುತ್ತಿದ್ದದ್ದು ಒಂದು, ಅದೂ ಮೂರು ಸಲ ತಿದ್ದಿಸಿದ ಮೇಲೆ. ಇನ್ನೊಂದು ಗಮನಿಸಿದ್ದು, ನಾನು ಸಾಲುಗಳನ್ನು ಪುಸ್ತಕದ ಕನ್ನಡದಲ್ಲಿ ಬರೆದರೆ ಕ್ಯಾಪ್ಷನ್ನೂ ಪುಸ್ತಕದ ಕನ್ನಡದಲ್ಲೇ ಬರುತ್ತದೆ. ಅದಕ್ಕೇ ಆಲೆಮನೆಗೆ ಮಾತಾಡುವ ಹಾಗೆ ಬರೆಯುತ್ತೇನೆ, ಮೈಸೂರಿನ ರೇಷ್ಮೆ ಸೀರೆ ಗಿರಾಕಿಗೆ ಕೊಂಚ ಇಸ್ತ್ರಿ ಮಾಡಿದ ಭಾಷೆ.

ಐದನೇ ಸಾಲೊಂದಿದೆ. ಗಿರಾಕಿ ಮೊದಲ ಸಲಕ್ಕೇ ಒಪ್ಪುವುದು ಅದರಿಂದ. ಅದನ್ನ ಇಲ್ಲಿ ಬರೆಯಲ್ಲ, ಹೊಟ್ಟೆಪಾಡು ನೋಡಿ.

ಮದುವೆಯ ಗ್ರೂಪ್ ಫೋಟೊಗೆ ಈ ಸಾಲುಗಳು ನಡೆಯಲ್ಲ. ನಲವತ್ತು ಜನ ಸಾಲಾಗಿ ನಿಂತರೆ ಭಾವ ಒಂದೇ, ಹಸಿವು. ಉಳಿದ ಕಡೆ ಸಾಲು ಬರೆಯೋಕೆ ಐದು ನಿಮಿಷ, ತಿದ್ದಿಸುತ್ತಿದ್ದ ಮುಕ್ಕಾಲು ಗಂಟೆ ಉಳಿತಾಯ. ನಾಲ್ಕು ಗಿರಾಕಿ ಇದ್ದದ್ದು ಈಗ ಏಳು. ನಾದಿನಿ ಮಾತ್ರ ರೇಟು 60 ಮಾಡಿದ್ದಾಳೆ. "ಮೊದಲು ಬರೆಯೋದಷ್ಟೇ ಇತ್ತು, ಈಗ ನಿಮ್ಮ ಅಕ್ಷರ ಬೇರೆ ಓದಬೇಕು ಭಾವ" ಅಂತಾಳೆ.