ಜಾಹೀರಾತು ವರದಿ: ಎಲ್ಲಿ ಲೈನ್ ಚಾರ್ಟ್, ಎಲ್ಲಿ ಬಾರ್ ಚಾರ್ಟ್, ಎಲ್ಲಿ ಬರೀ ಕೋಷ್ಟಕ

ಜಾಹೀರಾತಿನ ತಿಂಗಳ ವರದಿ ಕೈಗೆ ಬಂದಾಗ ಅಂಗಡಿ ಮಾಲೀಕರು ನೋಡುವುದು ಮುಖ್ಯವಾಗಿ ಒಂದನ್ನೇ: ಮುಂದಿನ ತಿಂಗಳು ಯಾವುದಕ್ಕೆ ದುಡ್ಡು ಹೆಚ್ಚಿಸಬೇಕು, ಯಾವುದಕ್ಕೆ ಕಡಿಮೆ ಮಾಡಬೇಕು. ಹಾಗಾಗಿ ಚಾರ್ಟ್ ಆರಿಸುವ ಮೊದಲು, ಅದನ್ನು ನೋಡಿ ಅವರು ತೆಗೆದುಕೊಳ್ಳಬಹುದಾದ ನಿರ್ಧಾರವನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳುತ್ತೇನೆ. ಆ ವಾಕ್ಯದಲ್ಲಿ 'ಯಾವಾಗಿನಿಂದ' ಎಂಬ ಪ್ರಶ್ನೆ ಇದ್ದರೆ ಲೈನ್ ಚಾರ್ಟ್, 'ಯಾವುದು ಹೆಚ್ಚು' ಎಂದಿದ್ದರೆ ಬಾರ್ ಚಾರ್ಟ್. ಎರಡು ಮೂರು ಸಂಖ್ಯೆಗಳನ್ನು ಒಟ್ಟಿಗೆ ನೋಡದೆ ನಿರ್ಧಾರ ಮಾಡಲಾಗದು ಎಂದಾದರೆ ಕೋಷ್ಟಕ. ಜಾಹೀರಾತಿನ ಹಣ ಹಂಚುವ ನಿರ್ಧಾರಗಳಲ್ಲಿ ಹೆಚ್ಚಿನವು ಈ ಮೂರನೆಯ ಜಾತಿಯವು. ಆದರೂ ವರದಿಗಳಲ್ಲಿ ಕೋಷ್ಟಕ ಕೊನೆಯ ಪುಟಕ್ಕೆ ಹೋಗಿ ಕೂತಿರುತ್ತದೆ.

ಬಾರ್ ಚಾರ್ಟ್ ಹುಟ್ಟಿದ ಬಗೆಯಲ್ಲೇ ಈ ವಿಂಗಡಣೆ ಇದೆ. 1786ರಲ್ಲಿ ವಿಲಿಯಂ ಪ್ಲೇಫೇರ್ ಇಂಗ್ಲೆಂಡಿನ ವ್ಯಾಪಾರದ ಏರಿಳಿತವನ್ನು ಗೆರೆಗಳಲ್ಲಿ ಬರೆದ. ಸ್ಕಾಟ್ಲೆಂಡಿನ ವ್ಯಾಪಾರದ ವಿಷಯಕ್ಕೆ ಬಂದಾಗ ಅವನ ಬಳಿ ಇದ್ದದ್ದು ಒಂದೇ ವರ್ಷದ ಲೆಕ್ಕ. ಒಂದು ವರ್ಷದಲ್ಲಿ ಏರಿಳಿತ ತೋರಿಸುವುದೆಲ್ಲಿಂದ? ಅದಕ್ಕೇ ಅದು ವ್ಯಾಪಾರ ಮಾಡುತ್ತಿದ್ದ ಪ್ರತಿ ದೇಶಕ್ಕೂ ಆಮದಿಗೊಂದು, ರಫ್ತಿಗೊಂದು ಬಾರ್ ಎಳೆದ. ಇವತ್ತು ನಾಲ್ಕು ಕ್ಯಾಂಪೇನ್‌ಗಳನ್ನು ಒಂದು ಗೆರೆಯಿಂದ ಜೋಡಿಸುವವರು ಈ ವ್ಯತ್ಯಾಸ ಮರೆತಿರುತ್ತಾರೆ. ಕ್ಯಾಂಪೇನ್‌ಗಳ ನಡುವೆ ಕಾಲ ಹರಿಯುವುದಿಲ್ಲ. ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸಿದರೆ ಗೆರೆ ಏರುತ್ತದೆ, ಖರ್ಚಿನ ಕ್ರಮದಲ್ಲಿ ಜೋಡಿಸಿದರೆ ಇಳಿಯುತ್ತದೆ, ಎರಡಕ್ಕೂ ಅರ್ಥವಿಲ್ಲ.

ಒಂದು ಲೆಕ್ಕ ಹಿಡಿದು ನೋಡೋಣ. ಇದು ಪೀಠೋಪಕರಣ ಮಾರುವ ಒಂದು ಶೋರೂಮಿನ ಮಾದರಿ ಲೆಕ್ಕ. ಅಂಕಿಗಳು ಉದಾಹರಣೆಗಾಗಿ ದುಂಡಗೆ ಮಾಡಿದವು, ಆದರೆ ಅನುಪಾತಗಳು ಇಂಥ ವ್ಯಾಪಾರದಲ್ಲಿ ಕಾಣಸಿಗುವಂಥವೇ. ಲೀಡ್ ಎಂದರೆ ಫಾರ್ಮ್ ತುಂಬಿದವರು ಅಥವಾ ಫೋನ್ ಮಾಡಿದವರು. ಸರ್ಚ್ ಎಂದರೆ ಗೂಗಲ್ ಹುಡುಕಾಟದ ಜಾಹೀರಾತು, ಸಾಮಾನ್ಯ ಪದಗಳು ಎಂದರೆ ಅಂಗಡಿಯ ಹೆಸರಿಲ್ಲದ ಹುಡುಕಾಟದ ಪದಗಳು.

| ಕ್ಯಾಂಪೇನ್ | ಖರ್ಚು (₹) | ಲೀಡ್ | ಒಂದು ಲೀಡಿಗೆ (₹) | ಮಾರಾಟ | ಒಂದು ಮಾರಾಟಕ್ಕೆ (₹) |
|---|---:|---:|---:|---:|---:|
| ಸರ್ಚ್, ಸಾಮಾನ್ಯ ಪದಗಳು | 72,000 | 160 | 450 | 40 | 1,800 |
| ಮೆಟಾ ಲೀಡ್ ಫಾರ್ಮ್ | 60,000 | 300 | 200 | 12 | 5,000 |
| ಯೂಟ್ಯೂಬ್ | 16,000 | 5 | 3,200 | 1 | 16,000 |
| ಸರ್ಚ್, ಅಂಗಡಿ ಹೆಸರು | 12,000 | 80 | 150 | 24 | 500 |
| ಒಟ್ಟು | 1,60,000 | 545 | 294 | 77 | 2,078 |

ಇದರಿಂದ 'ಒಂದು ಲೀಡಿಗೆ ಎಷ್ಟು' ಎಂಬ ಕಾಲಮ್ಮನ್ನಷ್ಟೇ ಎತ್ತಿ ಬಾರ್ ಚಾರ್ಟ್ ಮಾಡುವುದು ಎಲ್ಲರಿಗೂ ಮೊದಲು ತೋಚುವ ಕೆಲಸ. ಯೂಟ್ಯೂಬಿನ ಬಾರ್ 10 ಸೆಂಟಿಮೀಟರ್ ಎತ್ತರಕ್ಕೆ ಬಂದರೆ ಮೆಟಾದ್ದು ಸುಮಾರು 0.6, ಸಾಮಾನ್ಯ ಪದಗಳದ್ದು 1.4 ಸೆಂಟಿಮೀಟರ್. ನೋಡುವವರ ಕಣ್ಣಿಗೆ ಮೂರು ಕುಳ್ಳ, ಒಂದು ಉದ್ದ, ಅಷ್ಟೇ. ಆ ಉದ್ದದ್ದು ನಿಂತಿರುವುದು ಬರೀ 5 ಲೀಡ್ ಮೇಲೆ. ಇನ್ನೊಬ್ಬರು ಫೋನ್ ಮಾಡಿದ್ದರೆ 3,200 ಇದ್ದದ್ದು 2,667ಕ್ಕೆ ಇಳಿಯುತ್ತಿತ್ತು. ಇಬ್ಬರು ಮಾಡದಿದ್ದರೆ 5,333 ಆಗುತ್ತಿತ್ತು. ಬಾರ್ ತನ್ನ ಕೆಳಗಿನ ಛೇದವನ್ನು ತೋರಿಸುವುದಿಲ್ಲ, ಅದೇ ಅದರ ದೊಡ್ಡ ಕೊರತೆ. ಲೀಡ್ 30ಕ್ಕಿಂತ ಕಡಿಮೆ ಇರುವ ಕ್ಯಾಂಪೇನಿನ 'ಒಂದಕ್ಕೆ ಎಷ್ಟು' ಅಂಕಿಯನ್ನು ನಾನು ಬಾರ್ ಮಾಡುವುದಿಲ್ಲ. 30 ಎಂಬುದು ಶಾಸ್ತ್ರವಲ್ಲ, ನಾನು ಇಟ್ಟುಕೊಂಡ ಗೆರೆ.

ಯೂಟ್ಯೂಬನ್ನು ತೆಗೆದುಹಾಕಿದರೂ ಆ ಬಾರ್ ಚಾರ್ಟ್ ದಾರಿ ತಪ್ಪಿಸುತ್ತದೆ. 450 ಮತ್ತು 200ರ ಎರಡು ಬಾರ್ ಅಕ್ಕಪಕ್ಕ ನಿಂತರೆ ಮಾಲೀಕರು ಹೇಳುವುದು ಗೊತ್ತೇ ಇದೆ: "ಸರ್ಚ್ ಕಡಿಮೆ ಮಾಡಿ, ಮೆಟಾಗೆ ಹಾಕಿ." ಕೋಷ್ಟಕದಲ್ಲಿ ಇನ್ನೆರಡು ಕಾಲಮ್ ಬಲಕ್ಕೆ ಹೋದರೆ ಚಿತ್ರ ತಿರುವುಮುರುವು. ಸರ್ಚಿನಲ್ಲಿ ಬಂದ ನಾಲ್ವರಲ್ಲಿ ಒಬ್ಬರು ಕೊಂಡಿದ್ದಾರೆ, ಮೆಟಾ ಫಾರ್ಮಿನಲ್ಲಿ 25 ಜನರಲ್ಲಿ ಒಬ್ಬರು. ಮೆಟಾ ಫಾರ್ಮಿನಲ್ಲಿ ಹೆಸರು, ನಂಬರ್ ಮೊದಲೇ ತುಂಬಿರುವುದರಿಂದ ಸುಮ್ಮನೆ ಒತ್ತಿದವರೂ ಲೀಡ್ ಆಗಿಬಿಡುತ್ತಾರೆ.

ಬಾರ್ ಬೇಕೇ ಬೇಕು ಎನ್ನುವವರಿಗೆ ಪ್ರತಿ ಕ್ಯಾಂಪೇನಿಗೂ ಎರಡು ಬಾರ್ ಕೊಡುತ್ತೇನೆ: ಒಟ್ಟು ಖರ್ಚಿನಲ್ಲಿ ಅದರ ಪಾಲು, ಒಟ್ಟು ಮಾರಾಟದಲ್ಲಿ ಅದರ ಪಾಲು. ಎರಡೂ ಶೇಕಡಾವಾರು ಆದ್ದರಿಂದ ಒಂದೇ ಅಕ್ಷ ಸಾಕು. ಮೆಟಾದಲ್ಲಿ ಖರ್ಚು 37.5, ಮಾರಾಟ 15.6. ಸಾಮಾನ್ಯ ಪದಗಳಲ್ಲಿ 45ಕ್ಕೆ 51.9. ಯೂಟ್ಯೂಬ್ 10ಕ್ಕೆ 1.3, ಅಂದರೆ ಒಂದೇ ಮಾರಾಟವಿದ್ದರೂ ಇಲ್ಲಿ ಅದು ಚಿಕ್ಕದಾಗಿಯೇ ಕಾಣುತ್ತದೆ, ಚಾರ್ಟನ್ನೆಲ್ಲ ನುಂಗುವುದಿಲ್ಲ. ಬಾರ್‌ಗಳನ್ನು ಅಡ್ಡಡ್ಡ ಹಾಕಿದರೆ ಕ್ಯಾಂಪೇನಿನ ಉದ್ದ ಹೆಸರನ್ನು ಓರೆಯಾಗಿಸದೆ ಓದಬಹುದು.

ಬಾರ್ ಯಾವುದೇ ಇರಲಿ, ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು, ಏಕೆಂದರೆ ಅಲ್ಲಿ ಕಣ್ಣು ಅಳೆಯುವುದು ಉದ್ದವನ್ನು. 280 ಮತ್ತು 294ರ ನಡುವೆ ಇರುವುದು ಶೇಕಡ 5ರ ವ್ಯತ್ಯಾಸ. ಅಕ್ಷ 270ರಿಂದ ಶುರುವಾದರೆ ಎರಡನೆಯ ಬಾರ್ ಮೊದಲನೆಯದರ ಎರಡೂವರೆ ಪಟ್ಟು ಹತ್ತಿರ ಕಾಣುತ್ತದೆ. ಶೀಟ್ಸಿನಲ್ಲಾಗಲಿ ಎಕ್ಸೆಲ್ಲಿನಲ್ಲಾಗಲಿ ಅಕ್ಷದ ಕನಿಷ್ಠ ಅಂಕಿಯ ಜಾಗದಲ್ಲಿ ಕೈಯಾರೆ 0 ಬರೆದುಬಿಡುವುದು ಸುರಕ್ಷಿತ.

ಲೈನ್ ಚಾರ್ಟಿಗೆ ಈ ಕಟ್ಟುಪಾಡಿಲ್ಲ, ಅಲ್ಲಿ ನೋಡುವುದು ಇಳಿಜಾರನ್ನು. ಆದರೆ ಅದು ಬೇರೆ ರೀತಿಯಲ್ಲಿ ಮೋಸ ಮಾಡುತ್ತದೆ. ಅತಿ ಹೆಚ್ಚು ಹಾನಿ ಮಾಡುವುದು 'ಒಟ್ಟಾರೆ ಒಂದು ಲೀಡಿಗೆ ಎಷ್ಟು' ಎಂಬ ಒಂಟಿ ಗೆರೆ. ಮೇಲಿನ ಶೋರೂಮಿನಲ್ಲೇ ಹಿಂದಿನ ತಿಂಗಳು ಸಾಮಾನ್ಯ ಪದಗಳಿಗೆ 96,000, ಮೆಟಾಗೆ 36,000 ಹಾಕಿದ್ದರು, ಉಳಿದೆರಡು ಹಾಗೇ ಇದ್ದವು ಎಂದುಕೊಳ್ಳಿ. ದರಗಳೂ ಅವೇ. ಆಗ ಲೀಡ್ 213, 180, 5, 80, ಒಟ್ಟು 478. ಒಂದು ಲೀಡಿಗೆ 335 ರೂಪಾಯಿ. ಈ ತಿಂಗಳು 294. ಗೆರೆ ಶೇಕಡ 12 ಇಳಿದಿದೆ, ಎಲ್ಲರೂ ಬೆನ್ನು ತಟ್ಟಿಕೊಳ್ಳಬಹುದು. ನಿಜವಾಗಿ ಯಾವ ಕ್ಯಾಂಪೇನಿನ ದರವೂ ಇಳಿದಿಲ್ಲ. ಅಗ್ಗದ ಲೀಡ್ ಕೊಡುವ ಕಡೆಗೆ ಹಣ ಸರಿದಿದೆ, ಅಷ್ಟೇ. ಮಾರಾಟ ಎಣಿಸಿದರೆ ಹಿಂದಿನ ತಿಂಗಳು 85, ಈ ತಿಂಗಳು 77. ಸುಧಾರಣೆ ತೋರಿಸುವ ಗೆರೆಯ ಅಡಿಯಲ್ಲಿ ವ್ಯಾಪಾರ ಕುಗ್ಗಿದೆ.

ಆದ್ದರಿಂದ ಗೆರೆ ಎಳೆದರೆ ಕ್ಯಾಂಪೇನಿಗೊಂದು ಎಳೆಯುತ್ತೇನೆ, ಒಂದರ ಮೇಲೊಂದು ಹೇರದೆ, ಒಂದೇ ಅಳತೆಯ ಸಣ್ಣ ಚಾರ್ಟ್‌ಗಳಾಗಿ, ದಿನಾಂಕಗಳು ಮೇಲೆ ಕೆಳಗೆ ಸರಿಹೊಂದುವಂತೆ. ಎಡಕ್ಕೆ ಖರ್ಚು, ಬಲಕ್ಕೆ ಲೀಡ್ ಎಂದು ಎರಡು ಅಕ್ಷ ಇಟ್ಟ ಚಾರ್ಟನ್ನು ಪೂರ್ತಿ ಬಿಟ್ಟಿದ್ದೇನೆ. ಅಲ್ಲಿ ಎರಡು ಗೆರೆ ಎಲ್ಲಿ ದಾಟುತ್ತವೆ ಎಂಬುದನ್ನು ವ್ಯಾಪಾರ ನಿರ್ಧರಿಸುವುದಿಲ್ಲ, ಅಕ್ಷದ ಅಳತೆ ನಿರ್ಧರಿಸುತ್ತದೆ. ದಿನದ ಲೆಕ್ಕದ ಬದಲು ಸೋಮವಾರದಿಂದ ಭಾನುವಾರದ ವಾರದ ಲೆಕ್ಕ ಹಾಕುತ್ತೇನೆ, ಅರ್ಧ ವಾರವಿದ್ದರೆ ಅದನ್ನು ಬಿಡುತ್ತೇನೆ.

ಗೆರೆಯ ಬಲತುದಿಯನ್ನು ನಂಬಬಾರದು ಎನ್ನಲು ಇನ್ನೂ ಒಂದು ಕಾರಣವಿದೆ. ಗೂಗಲ್ ಆ್ಯಡ್ಸ್‌ನ ಮಾಮೂಲಿ Conversions ಕಾಲಮ್ಮು ಲೀಡನ್ನು ಕ್ಲಿಕ್ ಆದ ದಿನಕ್ಕೆ ಜಮಾ ಮಾಡುತ್ತದೆ. 3ನೇ ತಾರೀಕು ಕ್ಲಿಕ್ ಮಾಡಿ 9ಕ್ಕೆ ಫಾರ್ಮ್ ತುಂಬಿದರೆ ಅದು 3ರ ಲೆಕ್ಕಕ್ಕೆ ಹೋಗುತ್ತದೆ. ಹೀಗಾಗಿ ಕಳೆದ ಕೆಲವು ದಿನಗಳ ಖರ್ಚು ಪೂರ್ತಿ ಬಂದಿರುತ್ತದೆ, ಲೀಡ್ ಇನ್ನೂ ಬರುತ್ತಿರುತ್ತವೆ, ದರ ಏರಿದಂತೆ ಕಾಣುತ್ತದೆ. ಅದನ್ನು ನೋಡಿ ಚೆನ್ನಾಗಿದ್ದ ಕ್ಯಾಂಪೇನ್ ನಿಲ್ಲಿಸಿದವರು ಕಡಿಮೆಯಿಲ್ಲ. Days to conversion ಎಂಬ ವಿಂಗಡಣೆ ತೆರೆದು, ಹತ್ತರಲ್ಲಿ ಒಂಬತ್ತು ಲೀಡ್ ಎಷ್ಟು ದಿನದೊಳಗೆ ಬರುತ್ತವೆ ಎಂದು ನೋಡಿ, ಅಷ್ಟು ದಿನವನ್ನು ಗೆರೆಯ ಕೊನೆಯಿಂದ ಕತ್ತರಿಸುತ್ತೇನೆ.

ಲುಕರ್ ಸ್ಟುಡಿಯೋ ಬಳಸುವವರು ಚಾರ್ಟಿನ Missing Data ಆಯ್ಕೆಯನ್ನೂ ನೋಡಬೇಕು. ಕ್ಯಾಂಪೇನ್ ನಿಲ್ಲಿಸಿದ್ದ ವಾರದಲ್ಲಿ 'ಒಂದು ಲೀಡಿಗೆ ಎಷ್ಟು' ಎಂಬುದಕ್ಕೆ ಬೆಲೆಯೇ ಇಲ್ಲ. Line to Zero ಇದ್ದರೆ ಆ ವಾರ ಲೀಡ್ ಪುಕ್ಕಟೆ ಬಂದಂತೆ ಗೆರೆ ನೆಲಕ್ಕಿಳಿಯುತ್ತದೆ. Line Breaks ಹಾಕಿದರೆ ಅಲ್ಲಿ ಗೆರೆ ತುಂಡಾಗುತ್ತದೆ, ಅದೇ ಸರಿ.

ಕೋಷ್ಟಕದಲ್ಲೂ ಇದೇ ಸೊನ್ನೆಯ ಕಾಟ. ಭಾಗಾಕಾರದ ದೋಷ ಮುಚ್ಚಲು `IFERROR(B2/C2,0)` ಬರೆದರೆ, ಒಂದೂ ಲೀಡ್ ತರದ ಕ್ಯಾಂಪೇನು 0 ರೂಪಾಯಿ ದರದೊಂದಿಗೆ ಅಗ್ಗದವರ ಪಟ್ಟಿಯ ತಲೆಯಲ್ಲಿ ಕೂರುತ್ತದೆ. ಒಟ್ಟು ಸಾಲಿನಲ್ಲಿ ಸರಾಸರಿಗಳ ಸರಾಸರಿ ತೆಗೆಯುವುದು ಇನ್ನೊಂದು. ನಮ್ಮ ನಾಲ್ಕು ದರಗಳ ಸರಾಸರಿ 1,000 ರೂಪಾಯಿ ಬರುತ್ತದೆ, ನಿಜವಾದ ಒಟ್ಟು ದರ 294. ಶೀಟ್ಸಿನಲ್ಲಿ B ಖರ್ಚು, C ಲೀಡ್ ಇದ್ದರೆ ಸಾಲಿಗೆ ಮೊದಲನೆಯದು, ಒಟ್ಟಿಗೆ ಎರಡನೆಯದು:

```
=IF(C2=0,"",B2/C2)
=SUM(B2:B5)/SUM(C2:C5)
```

ಕೋಷ್ಟಕವನ್ನು ಯಾವಾಗಲೂ ಖರ್ಚಿನ ಇಳಿಕೆಯ ಕ್ರಮದಲ್ಲಿ ಜೋಡಿಸುತ್ತೇನೆ, ದರದ ಕ್ರಮದಲ್ಲಲ್ಲ. ದೊಡ್ಡ ಹಣ ಎಲ್ಲಿದೆಯೋ ಅಲ್ಲಿಂದಲೇ ಓದು ಶುರುವಾಗಲಿ ಎಂದು. ಆರು ಕಾಲಮ್ ಮೀರಿದರೆ ಕ್ಲಿಕ್, ಇಂಪ್ರೆಷನ್ ಮೊದಲು ಹೊರಗೆ ಹೋಗುತ್ತವೆ. ಪೈಸೆ ಬೇಡ. ಅಲ್ಪವಿರಾಮ ನಮ್ಮ ಲಕ್ಷದ ಪದ್ಧತಿಯಲ್ಲಿರಲಿ, 160,000 ಎಂದು ಬರೆದದ್ದನ್ನು ಅವಸರದಲ್ಲಿ 16 ಲಕ್ಷವೆಂದು ಓದುವವರಿದ್ದಾರೆ.

ಇಷ್ಟಾದರೂ ಈ ಕೋಷ್ಟಕದಲ್ಲಿ ಒಂದು ಸಾಲು ಹುಷಾರು ಬೇಡುತ್ತದೆ: ಮಾರಾಟಕ್ಕೆ 500 ರೂಪಾಯಿಯ 'ಅಂಗಡಿ ಹೆಸರು'. ನೋಡಿದ ಕೂಡಲೇ "ಎಲ್ಲ ದುಡ್ಡೂ ಇಲ್ಲಿಗೇ ಹಾಕಿ" ಅನ್ನಿಸುತ್ತದೆ. ಆದರೆ ಅಂಗಡಿಯ ಹೆಸರು ಟೈಪ್ ಮಾಡುವವರು ತಿಂಗಳಿಗೆ ಇಷ್ಟೇ ಜನ, ಬಜೆಟ್ ದುಪ್ಪಟ್ಟಾದರೆ ಅವರು ದುಪ್ಪಟ್ಟಾಗುವುದಿಲ್ಲ. ಅವರಲ್ಲಿ ಕೆಲವರು ಮೊದಲು ಯೂಟ್ಯೂಬಿನಲ್ಲಿ ಹೆಸರು ನೋಡಿ ಬಂದವರೂ ಆಗಿರಬಹುದು, ಕೊನೆಯ ಕ್ಲಿಕ್ಕಿನ ಲೆಕ್ಕ ಅದನ್ನು ಹೇಳದು. ಹಾಗಾಗಿ ಆ ಸಾಲಿನ ಪಕ್ಕದಲ್ಲಿ ಗೂಗಲ್ ಕೊಡುವ Search impression share ಅಂಕಿಯನ್ನು, ಅಂದರೆ ನಮ್ಮ ಜಾಹೀರಾತು ಕಾಣಿಸಿಕೊಳ್ಳಬಹುದಾಗಿದ್ದ ಸಲಗಳಲ್ಲಿ ನಿಜವಾಗಿ ಕಾಣಿಸಿಕೊಂಡದ್ದರ ಪಾಲನ್ನು, ಬರೆದಿಡುತ್ತೇನೆ. ಅದು ಶೇಕಡ 90ರ ಮೇಲಿದ್ದರೆ ಅಲ್ಲಿ ಹೆಚ್ಚಿಗೆ ಹಣ ಹಾಕಲು ಜಾಗವೇ ಉಳಿದಿಲ್ಲ ಎಂದರ್ಥ.